ಸಂಜೆ ಏಳರ ಮೀಟಿಂಗ್ ರಾತ್ರಿ ಎಂಟಕ್ಕೆ ಜಾರದಂತೆ

ನ್ಯೂಯಾರ್ಕ್ ಗಡಿಯಾರ ಬೆಳಗಿನ 9:30 ತೋರಿಸುವಾಗ ಬೇಸಿಗೆಯಲ್ಲಿ ನಮ್ಮಲ್ಲಿ ಸಂಜೆ 7 ಗಂಟೆ, ಚಳಿಗಾಲದಲ್ಲಿ ರಾತ್ರಿ 8. ನಮ್ಮ ಗಡಿಯಾರ ವರ್ಷವಿಡೀ ಒಂದೇ ಲೆಕ್ಕದಲ್ಲಿ ನಡೆಯುತ್ತದೆ. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಅಲ್ಲಿನವರ ಜೊತೆ ಕೆಲಸ ಮಾಡುವ ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಲ್ಲಿ ನವೆಂಬರ್ ಬಂತೆಂದರೆ ರಾತ್ರಿಯೂಟ ಹಿಂದೆ ಮುಂದೆ ಆಗುವುದು ಇದೇ ಕಾರಣಕ್ಕೆ. ‘ನಾನು ಕ್ಯಾಲೆಂಡರ್‌ನಲ್ಲಿ ಕೆಲಸದ ಅವಧಿ ಹಾಕಿಟ್ಟಿದ್ದೇನಲ್ಲ, ಆದರೂ ಯಾಕೆ ಹೀಗೆ?’ ಎಂಬ ಪ್ರಶ್ನೆ ಆಗ ಏಳುತ್ತದೆ. ಆ ಸೆಟ್ಟಿಂಗ್ ಯಾವುದನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂದು ಸರಿಯಾಗಿ ತಿಳಿದರೆ ಉತ್ತರವೂ ಸಿಗುತ್ತದೆ, ದಾರಿಯೂ ಸಿಗುತ್ತದೆ.

ಹೆಚ್ಚು ಜನ ಬಳಸುವ ಗೂಗಲ್ ಕ್ಯಾಲೆಂಡರನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಕೆಲಸದ ಅವಧಿಯನ್ನು ನಮೂದಿಸುವ ಸೌಲಭ್ಯ ಇರುವುದು ಕಚೇರಿ ಅಥವಾ ಶಾಲೆ ಕಾಲೇಜು ಕೊಟ್ಟ ಖಾತೆಗಳಲ್ಲಿ; ನಮ್ಮ ಸ್ವಂತದ ಉಚಿತ ಜಿಮೇಲ್ ಖಾತೆಯಲ್ಲಿ ಅದು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದು ಮೇಲಿನ ಹಲ್ಲುಚಕ್ರದ ಗುರುತನ್ನು ಒತ್ತಿ, Settings ಒಳಗೆ Working hours & location ಎಂಬಲ್ಲಿಗೆ ಹೋದರೆ Enable working hours ಎಂಬ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿ, ವಾರದ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ತುಂಬಬೇಕು.

ಇಲ್ಲಿ ಬಹಳ ಜನ ಮಾಡುವುದು 9ರಿಂದ 6 ಎಂದು ಒಂದೇ ಗೆರೆ ಎಳೆದು ಮುಗಿಸುವುದು. ಮನೆಯಿಂದ ಕೆಲಸ ಮಾಡುವವರ ದಿನ ಅಷ್ಟು ಅಖಂಡವಾಗಿ ಇರುವುದಿಲ್ಲ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೈಸೂರಿನ ಕುವೆಂಪುನಗರದಲ್ಲಿ ಕೂತು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುವ ಒಬ್ಬಾಕೆ. ಮ್ಯಾನೇಜರ್ ಬೆಂಗಳೂರಿನಲ್ಲಿ, ತಂಡದ ಮುಖ್ಯಸ್ಥೆ ನ್ಯೂಜೆರ್ಸಿಯಲ್ಲಿ. ಇವರ ದಿನ ಹೀಗಿದೆ: ಬೆಳಿಗ್ಗೆ 9:30ರಿಂದ 1 ಗಂಟೆ, ಊಟವಾದ ಮೇಲೆ 2ರಿಂದ 5. ಆಮೇಲೆ ಮಗನನ್ನು ಶಾಲೆಯಿಂದ ಕರೆತಂದು ಈಜು ತರಗತಿಗೆ ಬಿಟ್ಟು ಬರಬೇಕು. ಸಂಜೆ 6:30ಕ್ಕೆ ಮತ್ತೆ ಕೂತರೆ 8ರವರೆಗೆ ಅಮೆರಿಕದವರ ಜೊತೆ ಮಾತು. ಮೂರೂ ಸೇರಿ ಎಂಟು ಗಂಟೆ, ಪೂರ್ತಿ ಒಂದು ದಿನದ ಕೆಲಸ.

ದಿನದ ಹೆಸರಿನ ಪಕ್ಕದ ಕೂಡಿಸುವ ಗುರುತನ್ನು ಒತ್ತಿದರೆ ಒಂದೇ ದಿನಕ್ಕೆ ಹೀಗೆ ಎರಡು ಮೂರು ತುಂಡುಗಳನ್ನು ಕೊಡಬಹುದು. ಆಕೆ ಮೂರು ತುಂಡುಗಳನ್ನೂ ಹಾಕಿದರು ಎನ್ನಿ. ಈಗ ಸಹೋದ್ಯೋಗಿಯೊಬ್ಬರು ಮೀಟಿಂಗ್ ಇಡಲು ಆಕೆಯ ಹೆಸರು ಸೇರಿಸಿ Find a time ಎಂಬ ಪುಟ ತೆರೆದರೆ, ಆಕೆಯ ಸಾಲಿನಲ್ಲಿ ಕೆಲಸದ ಅವಧಿ ಬಿಳಿಯಾಗಿಯೂ ಉಳಿದ ಹೊತ್ತು ಬೂದು ಬಣ್ಣದಲ್ಲಿಯೂ ಕಾಣುತ್ತದೆ. ಕ್ಯಾಲೆಂಡರ್ ತಾನಾಗಿ ಸೂಚಿಸುವ ಹೊತ್ತುಗಳೂ ಬಿಳಿಯ ಭಾಗದಿಂದಲೇ ಬರುತ್ತವೆ. ಸಂಜೆ 5:30ಕ್ಕೆ ಬುಕ್ ಮಾಡಲು ಹೊರಟರೆ, ಇದು ಅವರ ಕೆಲಸದ ಅವಧಿಯ ಹೊರಗಿದೆ ಎಂಬ ಎಚ್ಚರಿಕೆ ಬರುತ್ತದೆ.

ಎಚ್ಚರಿಕೆ ಬರುತ್ತದೆ, ಅಷ್ಟೇ. ಬುಕ್ ಮಾಡುವವರು ಅದನ್ನು ದಾಟಿ ಮುಂದೆ ಒತ್ತಿದರೆ ಇನ್ವೈಟ್ ಬಂದೇ ಬರುತ್ತದೆ. ಕೆಲಸದ ಅವಧಿ ಎನ್ನುವುದು ಅಂಗಡಿಯ ಮುಂದೆ ತೂಗುಹಾಕಿದ ವೇಳಾಪಟ್ಟಿಯ ಹಲಗೆ, ಬಾಗಿಲಿಗೆ ಹಾಕಿದ ಬೀಗ ಅಲ್ಲ. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ವ್ಯವಸ್ಥೆಯೇ. ಸರ್ವರ್ ಕೆಟ್ಟು ನಿಂತ ರಾತ್ರಿ ಯಾರನ್ನೂ ಕರೆಯಲಾಗದಂತೆ ಬೀಗ ಹಾಕಿಕೊಂಡರೆ ತಂಡ ನಡೆಯುವುದಿಲ್ಲ. ಆದರೆ ಹಲಗೆಯನ್ನೇ ಬೀಗವೆಂದು ನಂಬಿ ಕೂರುವುದರಿಂದಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ.

ನಿಜಕ್ಕೂ ಬೀಗ ಬೇಕಾದ ಹೊತ್ತಿಗೆ ಬೇರೆ ಸಾಧನ ಇದೆ. ಹೊಸದಾಗಿ ಏನನ್ನಾದರೂ ದಾಖಲಿಸಲು ಕ್ಯಾಲೆಂಡರ್‌ನಲ್ಲಿ ಖಾಲಿ ಜಾಗ ಒತ್ತಿದಾಗ Event ಎಂಬುದರ ಜೊತೆಗೇ Out of office ಎಂಬ ಆಯ್ಕೆ ಕಾಣುತ್ತದೆ. ಇದೂ ಕಚೇರಿ ಖಾತೆಗಳಲ್ಲಿ ಮಾತ್ರ ಇರುವಂಥದ್ದು. ಆ ಹೊತ್ತಿನಲ್ಲಿ ಯಾರು ಮೀಟಿಂಗ್ ಕಳಿಸಿದರೂ ನಮ್ಮ ಪರವಾಗಿ ಕ್ಯಾಲೆಂಡರೇ ‘ಆಗುವುದಿಲ್ಲ’ ಎಂದು ಉತ್ತರ ಕಳಿಸುತ್ತದೆ. ಹೊಸದಾಗಿ ಬರುವವನ್ನು ಮಾತ್ರ ನಿರಾಕರಿಸಬೇಕೋ, ಆಗಲೇ ಒಪ್ಪಿಕೊಂಡಿರುವ ಮೀಟಿಂಗ್‌ಗಳನ್ನೂ ಕೈಬಿಡಬೇಕೋ ಎಂದು ಅಲ್ಲೇ ಕೇಳುತ್ತದೆ. ಜೊತೆಗೆ ಹೋಗಬೇಕಾದ ಒಂದೆರಡು ಸಾಲನ್ನೂ ಬರೆದಿಡಬಹುದು; ಕಾರಣ ಹೇಳಲೇಬೇಕೆಂದಿಲ್ಲ.

ನಮ್ಮ ಉದಾಹರಣೆಯ ಮೈಸೂರಿನವರಿಗೆ ಗುರುವಾರ ಬೆಳಿಗ್ಗೆ 9:30ರಿಂದ 11ರವರೆಗೆ ಮಾವನವರನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವುದಿದೆ. ಇದು ತಪ್ಪಿಸಲಾಗದ ಕೆಲಸ. ಇದನ್ನು Out of office ಆಗಿ, ಪ್ರತಿ ಗುರುವಾರ ಮರುಕಳಿಸುವಂತೆ ಹಾಕಿಬಿಡುವುದು ಒಳ್ಳೆಯದು. ಮಗನ ಈಜು ತರಗತಿಯ ಹೊತ್ತನ್ನು ಹಾಗೆ ಹಾಕಬೇಕಿಲ್ಲ; ಅನಿವಾರ್ಯವಾದರೆ ಆ ದಿನ ಅಜ್ಜಿ ಹೋಗಿ ಬರಬಹುದು. ಆ ಹೊತ್ತು ಬೂದು ಬಣ್ಣದಲ್ಲೇ ಇರಲಿ. ಯಾವುದು ವಿನಂತಿ, ಯಾವುದು ಖಡಾಖಂಡಿತ ಎಂದು ಮೊದಲು ನಮ್ಮ ಮನಸ್ಸಿನಲ್ಲಿ ಬೇರ್ಪಟ್ಟರೆ ಮಾತ್ರ ಕ್ಯಾಲೆಂಡರಿನಲ್ಲೂ ಬೇರ್ಪಡುತ್ತದೆ. ದಿನದ ಅರ್ಧವನ್ನು ನಿರಾಕರಣೆಗಳಿಂದ ತುಂಬಿದ ಕ್ಯಾಲೆಂಡರನ್ನು ತಂಡದವರು ಕೆಲವೇ ದಿನದಲ್ಲಿ ನೋಡುವುದನ್ನೇ ಬಿಡುತ್ತಾರೆ. ನೇರವಾಗಿ ಫೋನ್ ಮಾಡಲು ಶುರು ಮಾಡುತ್ತಾರೆ.

ರಜೆಗಳ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷವಾಗಿ ಎಡವುತ್ತಾರೆ. ಕೆಲಸದ ಅವಧಿಯ ಸೆಟ್ಟಿಂಗ್‌ಗೆ ಗೊತ್ತಿರುವುದು ವಾರದ ಲೆಕ್ಕ ಮಾತ್ರ. ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಕೆಲಸ ಎಂಬ ನಮ್ಮ ಬ್ಯಾಂಕುಗಳ, ಸರ್ಕಾರಿ ಕಚೇರಿಗಳ ಪದ್ಧತಿಯನ್ನು ಅಲ್ಲಿ ತುಂಬಲು ಜಾಗವೇ ಇಲ್ಲ. ಅದಕ್ಕೆ ಶನಿವಾರವನ್ನು ಕೆಲಸದ ದಿನವಾಗಿಯೇ ಉಳಿಸಿಕೊಂಡು, ‘ತಿಂಗಳ ಎರಡನೇ ಶನಿವಾರ’ ಎಂದು ಮರುಕಳಿಸುವ ಒಂದು ದಾಖಲೆ, ನಾಲ್ಕನೆಯದಕ್ಕೆ ಇನ್ನೊಂದು ದಾಖಲೆ ಹಾಕಬೇಕು. ಇನ್ನು ಭಾರತದ ಹಬ್ಬಗಳ ಕ್ಯಾಲೆಂಡರನ್ನು ನಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದೇವೆ, ಆದ್ದರಿಂದ ನ್ಯೂಜೆರ್ಸಿಯವರಿಗೂ ಅದು ಕಾಣುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆ ಪಟ್ಟಿ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಬುಕ್ ಮಾಡುವವರು ನೋಡುವುದು ನಮ್ಮ ಮುಖ್ಯ ಕ್ಯಾಲೆಂಡರನ್ನು. ಗೌರಿ ಹಬ್ಬದ ದಿನ ನಾವಿಲ್ಲ ಎಂದು ಅವರಿಗೆ ತಿಳಿಯಬೇಕಾದರೆ ಆ ದಿನಕ್ಕೆ ನಾವೇ ಒಂದು Out of office ಹಾಕಬೇಕು.

ಹಾಕುವಾಗ ಇನ್ನೊಂದು ಸಣ್ಣ ಗುಂಡಿಯ ಮೇಲೆ ಕಣ್ಣಿರಲಿ. ಕ್ಯಾಲೆಂಡರಿನ ಪ್ರತಿ ಸಾಮಾನ್ಯ ದಾಖಲೆಗೂ Busy ಅಥವಾ Free ಎಂಬ ಎರಡರಲ್ಲಿ ಒಂದು ಗುರುತು ಅಂಟಿಕೊಂಡಿರುತ್ತದೆ. Busy ಎಂದಿದ್ದರೆ ಆ ಹೊತ್ತು ತುಂಬಿದೆ. Free ಎಂದಿದ್ದರೆ ದಾಖಲೆ ನಮ್ಮ ಪರದೆಯ ಮೇಲೆ ಎಷ್ಟೇ ದೊಡ್ಡದಾಗಿ ಕಂಡರೂ ಬೇರೆಯವರ ಪಾಲಿಗೆ ಆ ಹೊತ್ತು ಖಾಲಿ. ಕ್ಯಾಲೆಂಡರ್ ತಂತ್ರಾಂಶಗಳು ಒಂದಕ್ಕೊಂದು ಮಾಹಿತಿ ಸಾಗಿಸಲು ಬಳಸುವ ಮಾದರಿಯಲ್ಲಿ ಇದು ಒಂದೇ ಒಂದು ಸಾಲು:

```
TRANSP:TRANSPARENT
```

ಈ ಸಾಲು ಇದ್ದರೆ ದಾಖಲೆ ಪಾರದರ್ಶಕ, ಅಂದರೆ ಅದರ ಮೂಲಕ ಆಚೆಗೆ ಬಿಡುವು ಕಾಣುತ್ತದೆ. OPAQUE ಎಂದಿದ್ದರೆ ಕಾಣುವುದಿಲ್ಲ. ಇಡೀ ದಿನದ ದಾಖಲೆಗಳಲ್ಲಿ ಈ ಗುರುತು Free ಕಡೆಗೆ ವಾಲಿಕೊಂಡಿರುವುದು ಸಾಮಾನ್ಯ. ಹುಟ್ಟುಹಬ್ಬ, ಏಕಾದಶಿ ಇಂಥವನ್ನು ಜನ ಇಡೀ ದಿನದ ದಾಖಲೆಗಳಾಗಿ ಬರೆದಿಡುತ್ತಾರೆ, ಅವು ದಿನವನ್ನೆಲ್ಲ ಮುಚ್ಚಿಬಿಡಬಾರದು ಎಂಬ ಯೋಚನೆ ಅದರ ಹಿಂದಿದೆ. ಆದರೆ ‘ಶಿರಸಿಯಲ್ಲಿ ತಂಗಿಯ ಮದುವೆ’ ಎಂದು ಇಡೀ ದಿನಕ್ಕೆ ಬರೆದವರು ಆ ಗುರುತನ್ನು Busy ಮಾಡದಿದ್ದರೆ, ಮುಹೂರ್ತದ ಹೊತ್ತಿಗೇ ಮೀಟಿಂಗ್ ಬಂದು ಕೂರುತ್ತದೆ. ಕಳಿಸಿದವರನ್ನು ದೂರುವಂತಿಲ್ಲ, ಅವರ ಪರದೆಯ ಮೇಲೆ ಆ ದಿನ ಪೂರ್ತಿ ಬಿಡುವಾಗಿಯೇ ಇತ್ತು.

ಸ್ವಂತ ಜಿಮೇಲ್ ಖಾತೆಯಲ್ಲಿ ಬರೆದಿಟ್ಟ ಡಾಕ್ಟರ ಭೇಟಿಯೂ ಇಂಥದ್ದೇ. ಎರಡೂ ಖಾತೆಗಳು ಒಂದೇ ಫೋನಿನಲ್ಲಿ ಒಟ್ಟಿಗೆ ಕಾಣುವುದರಿಂದ ನಮಗೆ ಅದು ಒಂದೇ ಕ್ಯಾಲೆಂಡರ್ ಅನ್ನಿಸುತ್ತದೆ, ಕಚೇರಿಯವರಿಗೆ ಮಾತ್ರ ಸ್ವಂತ ಖಾತೆಯದು ಏನೂ ಕಾಣದು. ಆ ಭೇಟಿಗೆ ನಮ್ಮದೇ ಕಚೇರಿ ವಿಳಾಸವನ್ನು ಅತಿಥಿಯಾಗಿ ಸೇರಿಸಿ, ಕಚೇರಿ ಖಾತೆಯಲ್ಲಿ ಅದನ್ನು ಒಪ್ಪಿಕೊಂಡು Private ಎಂದು ಗುರುತಿಸಿದರೆ, ಬರಿಯ ಬಿಡುವು ನೋಡುವ ಸಹೋದ್ಯೋಗಿಗಳಿಗೆ ವಿಷಯ ತಿಳಿಯುವುದಿಲ್ಲ, ಹೊತ್ತು ತುಂಬಿದೆ ಎಂಬುದು ತಿಳಿಯುತ್ತದೆ.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ಉಳಿಯುವ ತೊಡಕೇ ನವೆಂಬರ್‌ನದು. ನ್ಯೂಜೆರ್ಸಿಯ ಮುಖ್ಯಸ್ಥೆ ಜುಲೈಯಲ್ಲಿ ಮೈಸೂರಿನವರ ಸಾಲನ್ನು ನೋಡಿದರು. ಇವರ ಸಂಜೆಯ ತುಂಡು 6:30ರಿಂದ 8. ಅದು ಆಕೆಯ ಪರದೆಯ ಮೇಲೆ ಬೆಳಗಿನ 9ರಿಂದ 10:30 ಎಂದು ಕಾಣುತ್ತದೆ. 9:30ರಿಂದ 10ರವರೆಗೆ ಪ್ರತಿ ಮಂಗಳವಾರ ಒಂದು ಮೀಟಿಂಗ್ ಇಟ್ಟರು. ಮೈಸೂರಿನಲ್ಲಿ ಅದು 7ರಿಂದ 7:30. ಬಿಳಿಯ ಭಾಗದೊಳಗೇ ಇದೆ, ಎಚ್ಚರಿಕೆ ಬರಲು ಕಾರಣವಿಲ್ಲ, ಇಬ್ಬರಿಗೂ ಅನುಕೂಲ.

ಮರುಕಳಿಸುವ ಮೀಟಿಂಗ್ ಅದನ್ನು ಇಟ್ಟವರ ಸಮಯವಲಯಕ್ಕೆ ಕಟ್ಟಿಕೊಂಡಿರುತ್ತದೆ. ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಆ ಭಾನುವಾರ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಮಂಗಳವಾರ ನ್ಯೂಜೆರ್ಸಿಯವರ ಮೀಟಿಂಗ್ ಎಂದಿನಂತೆ 9:30ಕ್ಕೆ. ಮೈಸೂರಿನಲ್ಲಿ ಅದು ರಾತ್ರಿ 8ರಿಂದ 8:30, ಅಂದರೆ ಕೆಲಸದ ಅವಧಿ ಮುಗಿದ ಮೇಲೆ ಶುರುವಾಗುವ ಮೀಟಿಂಗ್. ಯಾರೂ ಏನನ್ನೂ ಬದಲಿಸಿಲ್ಲ. ಎಚ್ಚರಿಕೆ ಕಾಣುವುದು ಬುಕ್ ಮಾಡುವ ಹೊತ್ತಿಗೆ, ಮತ್ತು ಬುಕ್ ಮಾಡಿದ್ದು ಜುಲೈಯಲ್ಲಿ. ಹಾಗಾಗಿ ಮುಖ್ಯಸ್ಥೆಗೆ ಈ ವಿಷಯ ಗೊತ್ತಾಗುವ ದಾರಿಯೇ ಇಲ್ಲ. ಇವರು ಹೇಳದಿದ್ದರೆ ಮಾರ್ಚ್‌ವರೆಗೆ ಹಾಗೇ ನಡೆಯುತ್ತದೆ.

ಪರಿಹಾರಕ್ಕೆ ಎರಡು ದಾರಿ ಇದೆ. ಮೀಟಿಂಗ್ ತಿದ್ದುವ ಪುಟದಲ್ಲಿ ಸಮಯದ ಪಕ್ಕ Time zone ಎಂಬ ಪದ ಇರುತ್ತದೆ. ಅದನ್ನು ಒತ್ತಿ ಆ ಮೀಟಿಂಗನ್ನು ಭಾರತದ ಸಮಯಕ್ಕೆ, ಸಂಜೆ 7ಕ್ಕೆ ಕಟ್ಟಿಬಿಡಬಹುದು. ಆಗ ಚಳಿಗಾಲದಲ್ಲಿ ಜಾರುವುದು ನ್ಯೂಜೆರ್ಸಿಯ ಕಡೆಯದು: ಅವರಿಗೆ 9:30ರ ಬದಲು 8:30. ಆಕೆಗೂ ಆ ಹೊತ್ತಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದಿರಬಹುದು, ಆದ್ದರಿಂದ ಇದನ್ನು ಕೇಳಿಯೇ ಮಾಡಬೇಕು. ಎರಡನೆಯದು, ಬೇಸಿಗೆಯ ಸರಣಿಯನ್ನು ಅಕ್ಟೋಬರ್ ಕೊನೆಗೆ ಮುಗಿಸಿ, ನವೆಂಬರ್‌ನಿಂದ ಹೊಸ ಸರಣಿಯನ್ನು ಹೊಸದಾಗಿ ಬುಕ್ ಮಾಡುವುದು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಹೊಸದಾಗಿ ಬುಕ್ ಮಾಡುವಾಗ ಆ ದಿನಗಳ ಬಿಳಿ, ಬೂದು ಎರಡೂ ಕಣ್ಣೆದುರಿಗೆ ಬರುತ್ತವೆ. ಚಳಿಗಾಲದಲ್ಲಿ ಮೈಸೂರಿನ ಸಂಜೆಯ ತುಂಡು ನ್ಯೂಜೆರ್ಸಿಯಲ್ಲಿ 8ರಿಂದ 9:30. ಅದರಲ್ಲಿ 9ರಿಂದ 9:30 ಹಿಡಿದರೆ ಇಲ್ಲಿ 7:30ರಿಂದ 8. ಇಬ್ಬರೂ ಅರ್ಧ ಅರ್ಧ ಗಂಟೆ ಸರಿದುಕೊಂಡಂತಾಯಿತು, ಊಟ ಹೊತ್ತಿಗೆ ಸರಿಯಾಗಿ ಆಯಿತು.

ತಂಡದಲ್ಲಿ ಲಂಡನ್ನಿನವರೂ ಇದ್ದರೆ ಇನ್ನೊಂದು ಸುತ್ತು ಬೇಕು. ಯುರೋಪಿನವರ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಲ್ಲಿ. ಹೀಗಾಗಿ ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಮಾರ್ಚ್‌ನಲ್ಲಿ ಎರಡು ಮೂರು ವಾರ ಅಮೆರಿಕಕ್ಕೂ ಲಂಡನ್ನಿಗೂ ಇರುವ ಅಂತರವೇ ಬೇರೆಯಾಗಿರುತ್ತದೆ. ಆ ವಾರಗಳ ಮೀಟಿಂಗ್‌ಗಳನ್ನು ಮಾತ್ರ ಮೊದಲೇ ಒಂದೊಂದಾಗಿ ತೆರೆದು ನೋಡಿಕೊಳ್ಳುವುದು ಲೇಸು.

ಸಮಯವಲಯದ್ದೇ ಮತ್ತೊಂದು ತಪ್ಪು ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಕಾಣುತ್ತದೆ. ಕಂಪನಿಯ ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದಲ್ಲಿದ್ದರೆ ಖಾತೆ ಅಲ್ಲಿನ ಸಮಯವಲಯದಲ್ಲೇ ತಯಾರಾಗಿ ಕೈಗೆ ಬರಬಹುದು. ಅದನ್ನು ನೋಡದೆ 9:30ರಿಂದ 6:30 ಎಂದು ತುಂಬಿದರೆ, ತುಂಬಿದ್ದು ಕ್ಯಾಲಿಫೋರ್ನಿಯಾದ 9:30. ಬೇಸಿಗೆಯಲ್ಲಿ ಅದು ಇಲ್ಲಿ ರಾತ್ರಿ 10 ಗಂಟೆ. ಬೆಂಗಳೂರಿನ ಸಹೋದ್ಯೋಗಿ ಹಗಲು ಹೊತ್ತಿನಲ್ಲಿ ಬುಕ್ ಮಾಡಲು ಹೊರಟಾಗ ‘ಇದು ಅವರ ಕೆಲಸದ ಅವಧಿಯಲ್ಲ’ ಎಂದು ಎಚ್ಚರಿಕೆ ಬಂದರೆ, ಬಹುಮಟ್ಟಿಗೆ ಕಾರಣ ಇದೇ. Settings ಒಳಗಿನ Time zone ಭಾಗದಲ್ಲಿ ಮುಖ್ಯ ವಲಯ ಭಾರತದ್ದಾಗಿದೆಯೇ ಎಂದು ಮೊದಲು ನೋಡಿ, ಆಮೇಲೆ ಕೆಲಸದ ಅವಧಿ ತುಂಬಬೇಕು. ಪ್ರವಾಸಕ್ಕೆ ಹೋದ ಊರಲ್ಲಿ ವಲಯ ಬದಲಿಸಲೇ ಎಂದು ಕ್ಯಾಲೆಂಡರ್ ಕೇಳಿದಾಗ ಹೂಂ ಅಂದವರು, ವಾಪಸು ಬಂದ ಮೇಲೆ ಅದನ್ನು ಮತ್ತೆ ಸರಿಮಾಡಿಕೊಳ್ಳಬೇಕು.

ಈವರೆಗೆ ಹೇಳಿದ್ದು ಒಂದೇ ಸಂಸ್ಥೆಯ ಒಳಗಿನ ಮಾತು. ಹೊರಗಿನವರಿಗೆ, ಅಂದರೆ ಗಿರಾಕಿಗಳಿಗೆ, ವಿದ್ಯಾರ್ಥಿಗಳ ಪಾಲಕರಿಗೆ, ನಮ್ಮ ಬಿಳಿ ಬೂದು ಯಾವುದೂ ಕಾಣುವುದಿಲ್ಲ. ಬಿಡುವಿನ ಅವಧಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಒಂದು ಮಾನದಂಡ 2016ರಲ್ಲೇ ಸಿದ್ಧವಾಗಿದ್ದರೂ ದೊಡ್ಡ ಕ್ಯಾಲೆಂಡರ್‌ಗಳ ದಿನಬಳಕೆಗೆ ಅದು ಬಂದಿಲ್ಲ. ಹೊರಗಿನವರಿಗೆ ಇರುವ ಉಪಾಯ ಬುಕಿಂಗ್ ಪುಟ. ಗೂಗಲ್‌ನಲ್ಲಿ ಅದರ ಹೆಸರು Appointment schedule. ಸ್ವಂತ ಉಚಿತ ಖಾತೆಯಲ್ಲೂ ಅಂಥ ಒಂದು ಪುಟವನ್ನು ಮಾಡಿಕೊಳ್ಳಬಹುದು.

ಹುಬ್ಬಳ್ಳಿಯ ಒಬ್ಬ ತೆರಿಗೆ ಸಲಹೆಗಾರರು ಎಂದುಕೊಳ್ಳಿ. ಮಧ್ಯಾಹ್ನ 3ರಿಂದ 5:30ರವರೆಗೆ ಗಿರಾಕಿಗಳ ಜೊತೆ ಮಾತಿಗೆ ಇಟ್ಟಿದ್ದಾರೆ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಲೆಕ್ಕಕ್ಕೆ ಐದು ಜನ ಹಿಡಿಸುತ್ತಾರೆ. ಆದರೆ ಒಬ್ಬರ ಕಾಗದಪತ್ರ ಎತ್ತಿಟ್ಟು ಇನ್ನೊಬ್ಬರದು ತೆಗೆಯಲು ಹತ್ತು ನಿಮಿಷವಾದರೂ ಬೇಕು. Buffer time ಎಂಬಲ್ಲಿ ಹತ್ತು ನಿಮಿಷ ಕೊಟ್ಟರೆ 3:00, 3:40, 4:20, 5:00 ಹೀಗೆ ನಾಲ್ವರು; ಕೊನೆಯವರು ಸರಿಯಾಗಿ 5:30ಕ್ಕೆ ಏಳುತ್ತಾರೆ. ಎಷ್ಟು ಮೊದಲು ಬುಕ್ ಮಾಡಿರಬೇಕು, ಎಷ್ಟು ದಿನ ಮುಂದಿನವರೆಗೆ ಮಾಡಬಹುದು ಎಂಬ ಎರಡು ಮಿತಿಗಳೂ ಅಲ್ಲಿವೆ. ಮೊದಲನೆಯದನ್ನು ಹನ್ನೆರಡು ಗಂಟೆ ಎಂದಿಟ್ಟರೆ, ಮಧ್ಯಾಹ್ನದ ಪಾಳಿಯಲ್ಲಿ ಯಾರು ಬರುತ್ತಾರೆ ಎಂಬುದು ಬೆಳಿಗ್ಗೆ ಏಳುವಾಗಲೇ ಖಚಿತವಾಗಿರುತ್ತದೆ. ಡಲ್ಲಾಸ್‌ನಲ್ಲಿರುವ ಮಗ ಧಾರವಾಡದ ತಂದೆಗಾಗಿ ಸ್ಲಾಟ್ ಹಿಡಿದರೆ ಪುಟ ಅವನಿಗೆ ಡಲ್ಲಾಸ್ ಸಮಯದಲ್ಲಿ ಕಾಣುತ್ತದೆ, ಸಲಹೆಗಾರರ ಕ್ಯಾಲೆಂಡರಿಗೆ ನಮ್ಮ ಸಮಯದಲ್ಲಿ ಬಂದು ಕೂರುತ್ತದೆ.

ಕಚೇರಿ ಖಾತೆಯವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆಲಸದ ಅವಧಿಯಲ್ಲಿ ತುಂಬಿದ್ದು ಈ ಪುಟಕ್ಕೆ ತಾನಾಗಿ ಬರುತ್ತದೆ ಎಂದು ನೆಚ್ಚಿಕೊಳ್ಳಬಾರದು. ಪುಟದ ಬಿಡುವನ್ನು ಅಲ್ಲಿಯೇ ಬೇರೆಯಾಗಿ ತುಂಬಬೇಕು. ಒಂದು ಕಡೆ ಬದಲಿಸಿದವರು ಇನ್ನೊಂದು ಕಡೆಯೂ ಬದಲಿಸಬೇಕು. ಕ್ಯಾಲೆಂಡರಿನ Busy ದಾಖಲೆಗಳನ್ನು ಮಾತ್ರ ಪುಟ ಗಮನಿಸಿ ಆ ಸ್ಲಾಟ್‌ಗಳನ್ನು ಮುಚ್ಚುತ್ತದೆ. ಹೀಗಾಗಿ Free ಗುರುತಿನ ತಂಗಿಯ ಮದುವೆ ಇಲ್ಲೂ ಕೈಕೊಡುತ್ತದೆ.

ಎಲ್ಲ ಸರಿಯಾಗಿದೆಯೇ ಎಂದು ನಮ್ಮದೇ ಪರದೆಯನ್ನು ನೋಡಿ ತಿಳಿಯಲಾಗದು, ಏಕೆಂದರೆ ನಮಗೆ ಎಲ್ಲವೂ ಕಾಣುತ್ತದೆ. ಬುಕಿಂಗ್ ಪುಟದ ಲಿಂಕನ್ನು ಬ್ರೌಸರಿನ ಅಜ್ಞಾತ ಕಿಟಕಿಯಲ್ಲಿ, ಖಾತೆಗೆ ಪ್ರವೇಶಿಸದೆ ತೆರೆದು, ನಾವು ಇಲ್ಲದ ದಿನ ಅಲ್ಲಿ ಖಾಲಿ ಕಾಣುತ್ತಿದೆಯೇ ಎಂದು ನೋಡಬೇಕು. ಕಚೇರಿ ಕ್ಯಾಲೆಂಡರಾದರೆ ಪಕ್ಕದ ಸಹೋದ್ಯೋಗಿಯ ಹತ್ತಿರ ‘ನನ್ನ ಹೆಸರು ಹಾಕಿ Find a time ತೆರೆಯಿರಿ’ ಎಂದು ಕೇಳಿ, ಅವರ ಪರದೆಯಲ್ಲಿ ಒಂದು ಗುರುವಾರ, ಒಂದು ಎರಡನೇ ಶನಿವಾರ, ನವೆಂಬರ್‌ನ ಒಂದು ಮಂಗಳವಾರ ಹೀಗೆ ಮೂರು ದಿನ ನೋಡಿದರೆ ಸಾಕು. ಔಟ್‌ಲುಕ್ ಬಳಸುವವರಿಗೂ ಇದೇ ಕ್ರಮ ಸಾಕಾಗುತ್ತದೆ. ಅಲ್ಲಿ ಸೆಟ್ಟಿಂಗ್ ಹೆಸರು Work hours and location, ನೋಡುವ ಪುಟದ ಹೆಸರು Scheduling Assistant. ಕೆಲಸದ ಅವಧಿಯ ಹೊರಗಿನ ಹೊತ್ತು ಅಲ್ಲೂ ಬೂದು, ಅಲ್ಲೂ ಅದು ತಡೆಯುವುದಿಲ್ಲ.

ಬೂದು ಭಾಗದಲ್ಲಿ ಇನ್ವೈಟ್ ಬಂದೇಬಿಟ್ಟರೆ ಬರಿಯ ‘ಇಲ್ಲ’ ಒತ್ತುವುದಕ್ಕಿಂತ, ಉತ್ತರದ ಆಯ್ಕೆಗಳಲ್ಲಿರುವ Propose a new time ಒತ್ತಿ ನಮ್ಮ ಬಿಳಿ ಭಾಗದ ಒಂದು ಹೊತ್ತನ್ನು ಸೂಚಿಸಿ ಕಳಿಸುವುದು ಕೆಲಸಕ್ಕೆ ಬರುತ್ತದೆ. ಕರೆದವರಿಗೆ ಆ ಸಮಯ ನೇರವಾಗಿ ಮೀಟಿಂಗ್‌ಗೇ ಅಂಟಿಕೊಂಡು ತಲುಪುತ್ತದೆ. ಅವರು ಒಪ್ಪಿ ಉಳಿಸಿದರೆ ಎಲ್ಲರ ಕ್ಯಾಲೆಂಡರಿನಲ್ಲೂ ಒಂದೇ ಸಲಕ್ಕೆ ಬದಲಾಗುತ್ತದೆ.